ಹೊಟ್ಟೆಕಿಚ್ಚಿನ ಮೇಲೆ ಹಾಲು: ‘ಶಾಡನ್‌ಫ್ರಾಯ್ಡ’ ಎಂಬ ಪದದ ಪಾಠ



ದೊಡ್ಡ ನಾಯಕರೊಬ್ಬರು ಚುನಾವಣೆಯಲ್ಲಿ ಸೋತ ಮರುದಿನವೋ, ಹೆಸರಾಂತ ತಂಡವೊಂದು ಹೀನಾಯವಾಗಿ ಸೋತ ಮರುದಿನವೋ ಇಂಗ್ಲಿಷ್ ಪತ್ರಿಕೆ ತೆರೆದರೆ 13 ಅಕ್ಷರಗಳ ಒಂದು ಪದ ಕೆಲವೊಮ್ಮೆ ಕಣ್ಣಿಗೆ ಬೀಳುತ್ತದೆ. ಇಂಗ್ಲಿಷ್ ಕಾಗುಣಿತದ ಲೆಕ್ಕದಲ್ಲಿ ಅದನ್ನು ಓದಲು ಹೋದರೆ ನಾಲಿಗೆ ತಡವರಿಸುತ್ತದೆ. ಏಕೆಂದರೆ ಅದು ಇಂಗ್ಲಿಷ್ ಪದವೇ ಅಲ್ಲ. ಜರ್ಮನ್ ಭಾಷೆಯಿಂದ ಕಡ ತಂದ ಪದ. ಅದನ್ನು ‘ಶಾಡನ್‌ಫ್ರಾಯ್ಡ’ ಎಂದು ಉಚ್ಚರಿಸಬೇಕು. ಇನ್ನೊಬ್ಬರಿಗೆ ಕೇಡಾದದ್ದನ್ನು ಕಂಡು ಅಥವಾ ಕೇಳಿ ನಮಗಾಗುವ ಒಳಗೊಳಗಿನ ಸಂತೋಷ, ಇದು ಅದರ ಅರ್ಥ.

ಈ ಲೇಖನದಲ್ಲಿ ಪದವನ್ನು ಬಿಡಿಸಿ ನೋಡೋಣ. ಆಮೇಲೆ ನಮಗೆಲ್ಲ ಗೊತ್ತಿರುವ ಒಂದು ಕ್ರಿಕೆಟ್ ಸೋಲನ್ನು ಎದುರಿಗಿಟ್ಟುಕೊಂಡು ಆ ಭಾವನೆ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಹುಡುಕೋಣ.

ಪದದ ಒಳಗೆ

ಕನ್ನಡದಲ್ಲಿ ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆಗುವಂತೆ ಜರ್ಮನ್ನರೂ ಎರಡು ಪದಗಳನ್ನು ಜೋಡಿಸಿ ಮೂರನೆಯದನ್ನು ಮಾಡುತ್ತಾರೆ. ‘ಶಾಡನ್’ ಎಂದರೆ ಹಾನಿ, ನಷ್ಟ, ಕೇಡು. ‘ಫ್ರಾಯ್ಡ’ ಎಂದರೆ ಸಂತೋಷ. ಎರಡೂ ದಿನನಿತ್ಯದ ಸಾಮಾನ್ಯ ಪದಗಳು. ಮಳೆಯಿಂದ ಬೆಳೆಗೆ ಆದ ಹಾನಿಗೂ ಅದೇ ‘ಶಾಡನ್’, ಹಬ್ಬದ ದಿನದ ಸಂತೋಷಕ್ಕೂ ಅದೇ ‘ಫ್ರಾಯ್ಡ’. ಒಂದರ ಪಕ್ಕ ಇನ್ನೊಂದನ್ನು ಕೂರಿಸಿದಾಗ ಮಾತ್ರ ಮುಳ್ಳು ಕಾಣುತ್ತದೆ. ಅಂದಹಾಗೆ, ಈ ಪದ ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಅವರ ಹೆಸರಿನಿಂದ ಬಂದದ್ದಲ್ಲ.

ಇಂಗ್ಲಿಷ್ ಓದುಗರಿಗೆ ಈ ಪದವನ್ನು ಮೊದಲು ಪರಿಚಯಿಸಿದವರಲ್ಲಿ ರಿಚರ್ಡ್ ಟ್ರೆಂಚ್ ಎಂಬ ಪಾದ್ರಿ ಒಬ್ಬರು. 1850ರ ದಶಕದ ಆರಂಭದಲ್ಲಿ ಪದಗಳ ಅಧ್ಯಯನದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಇದನ್ನು ಹೆಸರಿಸಿದರು. ಇಂಥ ಭಾವನೆಗೆ ಒಂದು ಪದವೇ ಇದೆ ಎಂದರೆ ಅದು ಭಯಪಡುವ ಸಂಗತಿ ಎಂಬುದು ಅವರ ಅಭಿಪ್ರಾಯ. ಜರ್ಮನ್ನಿನ ಜೊತೆ ಅವರು ಗ್ರೀಕ್ ಭಾಷೆಯ ಒಂದು ಪದವನ್ನೂ ಇಟ್ಟು ತೋರಿಸಿದರು. ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಸುಮಾರು 2300 ವರ್ಷಗಳ ಹಿಂದೆಯೇ ತನ್ನ ನೀತಿಶಾಸ್ತ್ರದಲ್ಲಿ ಆ ಪದವನ್ನು ಬಳಸಿದ್ದ.

ಟ್ರೆಂಚ್ ಅವರ ಮಾತಿನಲ್ಲಿ ಒಂದು ಊಹೆ ಅಡಗಿದೆ. ಪದ ಇರುವ ಜನರಲ್ಲಿ ಭಾವನೆ ಬಲವಾಗಿದೆ, ಪದ ಇಲ್ಲದವರಲ್ಲಿ ಅದು ಇಲ್ಲ ಅಥವಾ ಕಡಿಮೆ ಎಂಬ ಊಹೆ. ಇದನ್ನು ನಮ್ಮ ಭಾಷೆಗಳ ಮೇಲೆಯೇ ಪರೀಕ್ಷಿಸಿ ನೋಡಬಹುದು.

ನಮ್ಮಲ್ಲಿ ಪದ ಇಲ್ಲವೇ?

ಕನ್ನಡದಲ್ಲಿ ಶಾಡನ್‌ಫ್ರಾಯ್ಡಕ್ಕೆ ಎಲ್ಲರೂ ಬಳಸುವ ಒಂದೇ ಪದ ಇಲ್ಲ. ಆದರೆ ಒಂದು ನುಡಿಗಟ್ಟು ಇದೆ. ಆಗದವನಿಗೆ ಪೆಟ್ಟು ಬಿದ್ದ ಸುದ್ದಿ ಕೇಳಿ ಒಬ್ಬ ಹಿಗ್ಗಿದರೆ ‘ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು’ ಎನ್ನುತ್ತೇವೆ. ಮಗಳು ಪಾಸಾದಾಗ ತಾಯಿಗೆ ಹಾಲು ಕುಡಿದಷ್ಟು ಸಂತೋಷವಾಯಿತು ಎಂದು ಹೇಳಿದರೆ ಕಿವಿಗೆ ಏನೋ ತಪ್ಪಿದಂತೆ ಕೇಳಿಸುತ್ತದೆ. ಇನ್ನೊಬ್ಬರ ಕೇಡಿನ ವಾಸನೆ ಈ ನುಡಿಗಟ್ಟಿಗೆ ಅಂಟಿಕೊಂಡಿದೆ.

ಹಾಲೇ ಏಕೆ? ಉತ್ತರ ಇನ್ನೊಂದು ಪದದಲ್ಲಿದೆ. ಅಸೂಯೆಗೆ ನಾವು ‘ಹೊಟ್ಟೆಕಿಚ್ಚು’ ಎನ್ನುತ್ತೇವೆ. ಇನ್ನೊಬ್ಬನ ಏಳಿಗೆ ಕಂಡು ಹೊಟ್ಟೆಯಲ್ಲಿ ಬೆಂಕಿ ಹತ್ತಿಕೊಂಡಿದೆ, ಉರಿಯುತ್ತಿದೆ. ಆ ಉರಿಗೆ ತಂಪು ಬೇಕು. ಏಳಿಗೆ ಕಂಡವನು ಬಿದ್ದ ಸುದ್ದಿ ಹಾಲಿನಂತೆ ಹೊಟ್ಟೆಗೆ ಇಳಿದು ಉರಿಯನ್ನು ಆರಿಸುತ್ತದೆ. ಎರಡು ನುಡಿಗಟ್ಟುಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದು ಸಿದ್ಧಾಂತವೇ ಸಿಗುತ್ತದೆ: ಮೊದಲು ಕಿಚ್ಚು, ಆಮೇಲೆ ಹಾಲು. ಉರಿ ಇಲ್ಲದ ಹೊಟ್ಟೆಗೆ ಈ ಹಾಲು ಅಷ್ಟು ರುಚಿಸುವುದಿಲ್ಲ.

ಉರ್ದುವಿನಲ್ಲೂ ಇದೇ ಚಿತ್ರ ಇದೆ. ಎದುರಾಳಿಗೆ ಆಗಬೇಕಾದದ್ದು ಆಯಿತು ಎಂದಾಗ ‘ಕಲೇಜಾ ಠಂಡಾ ಹುವಾ’ ಎನ್ನುತ್ತಾರೆ, ಅಂದರೆ ಎದೆಗೂಡು ತಣ್ಣಗಾಯಿತು. ಅಲ್ಲಿಯೂ ಮೊದಲು ಉರಿ, ಆಮೇಲೆ ತಂಪು. ಇದರ ಜೊತೆಗೆ ಉರ್ದುವಿಗೆ ಒಂದೇ ಪದವೂ ಇದೆ: ‘ಶಮಾತತ್’. ಇದು ಅರಬ್ಬಿಯಿಂದ ಬಂದದ್ದು, ಅರ್ಥ ಶಾಡನ್‌ಫ್ರಾಯ್ಡಕ್ಕೆ ಬಹಳ ಹತ್ತಿರ. ಪವಿತ್ರ ಕುರ್‌ಆನಿನ ಅಲ್-ಅಅರಾಫ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ ಮತ್ತು ಅವರ ಸೋದರ ಹಾರೂನ್ ಅವರ ಪ್ರಸಂಗ ಬರುತ್ತದೆ. ಕೋಪಗೊಂಡ ಮೂಸಾ ಅವರ ಮುಂದೆ ಹಾರೂನ್ ಮಾಡಿಕೊಳ್ಳುವ ವಿನಂತಿಯಲ್ಲಿ, ವೈರಿಗಳು ತನ್ನನ್ನು ನೋಡಿ ಹಿಗ್ಗುವಂತೆ ಮಾಡಬೇಡ ಎಂಬ ಆಶಯಕ್ಕೆ ಇದೇ ಧಾತುವಿನ ಕ್ರಿಯಾಪದ ಬಳಕೆಯಾಗಿದೆ. ಪೆಟ್ಟಿಗಿಂತ, ಆ ಪೆಟ್ಟನ್ನು ನೋಡಿ ನಗುವವರ ಭಯ ಎಷ್ಟು ಹಳೆಯದು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿ.

ಹೀಗಾಗಿ ಟ್ರೆಂಚ್ ಅವರ ಊಹೆ ನಿಲ್ಲುವುದಿಲ್ಲ. ಜರ್ಮನ್ನಿನಲ್ಲಿ ಒಂದು ಪದ, ಅರಬ್ಬಿಯಲ್ಲಿ ಒಂದು ಪದ, ಕನ್ನಡದಲ್ಲಿ ಒಂದು ನುಡಿಗಟ್ಟು. ಹೆಸರಿನ ರೂಪ ಬೇರೆ, ಭಾವನೆ ಎಲ್ಲ ಕಡೆಯೂ ಮನೆಮಾತು.

ಗುರುತಿಸುವ ಮೂರು ಪ್ರಶ್ನೆ

ಇನ್ನೊಬ್ಬರು ಸೋತಾಗ ಆಗುವ ಸಂತೋಷವೆಲ್ಲ ಶಾಡನ್‌ಫ್ರಾಯ್ಡ ಅಲ್ಲ. ಬೇರ್ಪಡಿಸಲು ಮೂರು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು: ಆ ಕೇಡನ್ನು ಮಾಡಿದವರು ಯಾರು? ನಾನೇ ಮಾಡಿದ್ದರೆ ಅದು ಸೇಡು ಅಥವಾ ಕ್ರೌರ್ಯ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯಲ್ಲಿ ಬೆಕ್ಕೇ ಇಲಿಯನ್ನು ಹಿಡಿದಿದೆ, ಆದ್ದರಿಂದ ಅದು ಕ್ರೌರ್ಯ. ಶಾಡನ್‌ಫ್ರಾಯ್ಡದಲ್ಲಿ ನಾನು ಬರೀ ನೋಡುವವನು. ಕೈ ಕಟ್ಟಿಕೊಂಡು ನಿಂತಿದ್ದೆ, ಕೇಡು ತಾನಾಗಿಯೇ ಬಂತು.

ಎರಡನೆಯದು: ಆ ಕೇಡಿನಿಂದ ನನಗೆ ಏನಾದರೂ ಲಾಭ ಆಯಿತೇ? ಓಟದಲ್ಲಿ ಮುಂದಿದ್ದವನು ಎಡವಿ ಬಿದ್ದು ನನಗೆ ಬಹುಮಾನ ಬಂದರೆ ನನ್ನ ಸಂತೋಷ ಬಹುಮಾನದ್ದು. ಬಹುಮಾನವೂ ಇಲ್ಲ, ನಾನು ಓಟದಲ್ಲೇ ಇರಲಿಲ್ಲ, ಆದರೂ ಅವನು ಬಿದ್ದದ್ದು ಹಿತವಾಯಿತು ಎಂದರೆ ಆಗ ಅದು ಅಪ್ಪಟ ಶಾಡನ್‌ಫ್ರಾಯ್ಡ.

ಮೂರನೆಯದು: ಹಿತವಾದದ್ದು ಬೀಳುವಿಕೆಯೋ, ಬಿದ್ದ ವ್ಯಕ್ತಿಯೋ? ಸಿನಿಮಾದಲ್ಲಿ ಯಾರೋ ಬಾಳೆಹಣ್ಣಿನ ಸಿಪ್ಪೆ ತುಳಿದು ಜಾರಿದರೆ ನಗುತ್ತೇವೆ. ಜಾರಿದವನು ಯಾರಾದರೂ ನಗು ಅಷ್ಟೇ. ಆದರೆ ‘ಇವನು ಜಾರಿದ್ದಕ್ಕೇ’ ನಗು ಬಂತು, ಪಕ್ಕದವನು ಜಾರಿದ್ದರೆ ಎತ್ತಲು ಓಡುತ್ತಿದ್ದೆ ಎಂದಾದರೆ ಅಲ್ಲಿ ಬೇರೇನೋ ಕೆಲಸ ಮಾಡುತ್ತಿದೆ.

ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಈಗ ಮೈದಾನಕ್ಕೆ ಹೋಗೋಣ.

49 ರನ್‌ಗಳ ರಾತ್ರಿ

2017ರ ಏಪ್ರಿಲ್ 23, ಕೋಲ್ಕತ್ತದ ಈಡನ್ ಗಾರ್ಡನ್ಸ್. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಬೌಲರ್‌ಗಳು ಕೋಲ್ಕತ್ತ ನೈಟ್ ರೈಡರ್ಸ್ ತಂಡವನ್ನು 131 ರನ್‌ಗಳಿಗೆ ಕಟ್ಟಿಹಾಕಿದರು. ಗೆಲ್ಲಲು 132 ಸಾಕು. ಕ್ರಿಸ್ ಗೇಲ್, ವಿರಾಟ್ ಕೊಹ್ಲಿ, ಎಬಿ ಡಿವಿಲಿಯರ್ಸ್ ಮೂವರೂ ತಂಡದಲ್ಲಿದ್ದರು. ಆದರೆ ಇಡೀ ತಂಡ 9.4 ಓವರ್‌ಗಳಲ್ಲಿ 49 ರನ್‌ಗಳಿಗೆ ಆಲೌಟ್ ಆಯಿತು. ಒಬ್ಬ ಬ್ಯಾಟರ್ ಕೂಡ ಎರಡಂಕಿ ಮುಟ್ಟಲಿಲ್ಲ. ಅತಿ ಹೆಚ್ಚು ರನ್ ಗಳಿಸಿದ ಕೇದಾರ್ ಜಾಧವ್ ಅವರದ್ದು 9. 2025ರ ಟೂರ್ನಿ ಮುಗಿಯುವವರೆಗೂ ಐಪಿಎಲ್‌ನ ಅತಿ ಕಡಿಮೆ ಮೊತ್ತ ಇದೇ ಆಗಿತ್ತು.

ತಾರೀಖನ್ನು ಗಮನಿಸಿ. ಸರಿಯಾಗಿ ನಾಲ್ಕು ವರ್ಷಗಳ ಹಿಂದೆ, 2013ರ ಏಪ್ರಿಲ್ 23ರಂದು, ಇದೇ ತಂಡ ಪುಣೆ ವಾರಿಯರ್ಸ್ ವಿರುದ್ಧ 5 ವಿಕೆಟ್‌ಗೆ 263 ರನ್ ಹೊಡೆದಿತ್ತು. ಗೇಲ್ ಒಬ್ಬರೇ 66 ಎಸೆತಗಳಲ್ಲಿ ಔಟಾಗದೆ 175 ಗಳಿಸಿದ್ದರು. ಆ 263 ಆಗ ಐಪಿಎಲ್‌ನ ಅತಿ ದೊಡ್ಡ ಮೊತ್ತ, 2024ರ ಮಾರ್ಚ್‌ವರೆಗೂ ಅದನ್ನು ಯಾರೂ ದಾಟಲಿಲ್ಲ. ಅತಿ ಎತ್ತರದ ದಾಖಲೆಯೂ ಅತಿ ತಗ್ಗಿನ ದಾಖಲೆಯೂ ಒಂದೇ ತಂಡದ ಹೆಸರಿನಲ್ಲಿ, ಒಂದೇ ತಾರೀಖಿನಲ್ಲಿ.

ಆ ರಾತ್ರಿ ಯರಗೇರಾದ ಒಂದು ಚಹಾ ಅಂಗಡಿಯಲ್ಲಿ ಮೂವರು ಟಿವಿ ನೋಡುತ್ತಿದ್ದರು ಎಂದು ಕಲ್ಪಿಸಿಕೊಳ್ಳಿ. ಒಬ್ಬ ಕೋಲ್ಕತ್ತ ತಂಡದ ಅಭಿಮಾನಿ. ಅವನು ಕುಣಿದ. ಅದು ಗೆಲುವಿನ ಸಂತೋಷ, ಎರಡನೆಯ ಪ್ರಶ್ನೆಯಲ್ಲೇ ಅವನು ಹೊರಗೆ ಬೀಳುತ್ತಾನೆ. ಎರಡನೆಯವನಿಗೆ ಯಾವ ತಂಡವೂ ಇಲ್ಲ. ವಿಕೆಟ್‌ಗಳು ಸಾಲಾಗಿ ಉರುಳುವುದನ್ನು ನೋಡಿ ‘ಇದೇನ್ರೀ ಇದು!’ ಎಂದು ನಕ್ಕ. ಅವನು ಮೂರನೆಯ ಪ್ರಶ್ನೆಯಲ್ಲಿ ಹೊರಗೆ. ಯಾವ ತಂಡ ಹೀಗೆ ಕುಸಿದರೂ ಅವನು ಅಷ್ಟೇ ನಗುತ್ತಿದ್ದ.

ಮೂರನೆಯವನು ಚೆನ್ನೈ ಸೂಪರ್ ಕಿಂಗ್ಸ್ ಅಭಿಮಾನಿ. ಆ ಪಂದ್ಯದಲ್ಲಿ ಚೆನ್ನೈ ಇರಲಿಲ್ಲ. ಅಷ್ಟೇ ಅಲ್ಲ, ಆ ವರ್ಷದ ಟೂರ್ನಿಯಲ್ಲೇ ಇರಲಿಲ್ಲ. ಲೋಧಾ ಸಮಿತಿಯ ತೀರ್ಪಿನಿಂದ 2016 ಮತ್ತು 2017ರ ಎರಡು ಟೂರ್ನಿಗಳಿಗೆ ಆ ತಂಡ ಅಮಾನತಾಗಿತ್ತು. ಬೆಂಗಳೂರು ಸೋತರೆ ಅವನ ತಂಡಕ್ಕೆ ಒಂದು ಅಂಕವೂ ಬರುವುದಿಲ್ಲ, ಏಕೆಂದರೆ ಅಂಕಪಟ್ಟಿಯಲ್ಲಿ ಆ ತಂಡದ ಹೆಸರೇ ಇಲ್ಲ. ಆದರೂ ಅವನು ‘ಹಂಗ ಆಗ್ಬೇಕಿತ್ತು ಬಿಡು ಇವರಿಗೆ!’ ಎಂದು ಇನ್ನೊಂದು ಚಹಾ ಹೇಳಿದ. ಕೇಡು ಮಾಡಿದವನು ಅವನಲ್ಲ. ಲಾಭ ಇಲ್ಲ. ಬೇರೆ ತಂಡ 49ಕ್ಕೆ ಔಟಾಗಿದ್ದರೆ ಎರಡನೆಯ ಚಹಾ ಇರುತ್ತಿರಲಿಲ್ಲ. ಮೂರೂ ಪ್ರಶ್ನೆಗಳನ್ನು ದಾಟಿ ಬಂದ ಇವನದ್ದು ಶಾಡನ್‌ಫ್ರಾಯ್ಡ.

ಕಿಚ್ಚು ಎಲ್ಲಿಂದ ಬಂತು?

ಕಾರಣವನ್ನು ಎಲ್ಲಿ ಹುಡುಕಬೇಕು? ಬಿದ್ದವನಲ್ಲಿ ಅರ್ಧ ಇದೆ. ತುಂಬ ಎತ್ತರದಲ್ಲಿದ್ದವರು ಬಿದ್ದಾಗ ಸದ್ದು ಹೆಚ್ಚು. ಅದರಲ್ಲೂ ತನ್ನ ಎತ್ತರವನ್ನು ತಾನೇ ಹೇಳಿಕೊಂಡವನು ಬಿದ್ದರೆ ‘ತಕ್ಕದ್ದೇ ಆಯಿತು’ ಎಂಬ ಸಮರ್ಥನೆ ನೋಡುವವರಿಗೆ ಸುಲಭವಾಗಿ ಸಿಗುತ್ತದೆ. ಮುಂದೆ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ರಾಜ್ಯದ ತುಂಬ ಹರಡಿದಾಗ ಇದೇ ನಡೆಯಿತು. ಪ್ರೀತಿಯಿಂದ ಹುಟ್ಟಿದ ಆ ಮಾತೇ ಪ್ರತಿ ಸೋಲಿನ ನಂತರ ಎದುರಾಳಿ ಅಭಿಮಾನಿಗಳ ಕೈಗೆ ಕೋಲಾಯಿತು. ಅದನ್ನು ತಿರುಚಿ ‘ಈ ಸಲ ಕಪ್ ನಹೀ’ ಎಂದು ಹಂಗಿಸಿದರು. ‘ಮಾಡಿದ್ದುಣ್ಣೋ ಮಹರಾಯ’ ಎನ್ನುವಾಗ ನಮಗೆ ನಾವು ನ್ಯಾಯದ ಪರ ಇದ್ದೇವೆ ಎನ್ನಿಸುತ್ತದೆ, ಹೊಟ್ಟೆಕಿಚ್ಚಿನ ಪರ ಇದ್ದೇವೆ ಎನ್ನಿಸುವುದಿಲ್ಲ.

ಉಳಿದ ಅರ್ಧ ನೋಡುವವನಲ್ಲಿದೆ, ಮತ್ತು ಅದೇ ಹೆಚ್ಚು ಮುಖ್ಯ. ಕಾಲಿನ್ ಲೀಚ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದನ್ನು ಫುಟ್‌ಬಾಲ್ ಮೂಲಕ ತೋರಿಸಿತು. 1998ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಕ್ರೊಯೇಷ್ಯಾ ಎದುರು 0-3ರಿಂದ ಸೋತಿತ್ತು. ಆ ಸೋಲಿನ ಬಗ್ಗೆ ನೆದರ್‌ಲೆಂಡ್ಸ್ ದೇಶದ ವಿದ್ಯಾರ್ಥಿಗಳಿಗೆ ಏನನ್ನಿಸಿತು ಎಂದು ಕೇಳಲಾಯಿತು. ನೆದರ್‌ಲೆಂಡ್ಸ್ ಆ ಪಂದ್ಯದಲ್ಲಿ ಇರಲಿಲ್ಲ. ಆದರೆ 1974ರ ವಿಶ್ವಕಪ್ ಫೈನಲ್‌ನಲ್ಲಿ ಆಗಿನ ಪಶ್ಚಿಮ ಜರ್ಮನಿ ಎದುರು 1-2ರಿಂದ ಸೋತದ್ದು ಆ ದೇಶಕ್ಕೆ ಹಳೆಯ ಗಾಯ. ಫುಟ್‌ಬಾಲ್ ಬಗ್ಗೆ ಹೆಚ್ಚು ಆಸಕ್ತಿ ಇದ್ದವರಿಗೆ ಜರ್ಮನಿಯ ಸೋಲು ಹೆಚ್ಚು ಹಿತವಾಗಿತ್ತು. ಇನ್ನೊಂದು ಸಂಗತಿಯೂ ಕಂಡುಬಂತು. ತಮ್ಮ ತಂಡವೇ ಕೆಳಗಿದೆ ಎಂಬ ನೋವು ಯಾರನ್ನು ಚುಚ್ಚುತ್ತಿತ್ತೋ ಅವರಲ್ಲಿ ಈ ಸಂತೋಷ ಜಾಸ್ತಿ ಇತ್ತು.

ನಮ್ಮ ಚೆನ್ನೈ ಅಭಿಮಾನಿಯನ್ನು ಈಗ ಮತ್ತೆ ನೋಡಿ. ಅವನ ತಂಡ ಅಮಾನತಾಗಿ ಮನೆಯಲ್ಲಿ ಕುಳಿತಿದೆ. ಹೊಟ್ಟೆಯಲ್ಲಿ ಉರಿ ಮೊದಲೇ ಇತ್ತು. ಬೆಂಗಳೂರಿನ 49 ರನ್ ಆ ಉರಿಯನ್ನು ಹೊತ್ತಿಸಲಿಲ್ಲ, ಆರಿಸಿತು. ತಿರುಗಿಸಿ ನೋಡಿದರೂ ಲೆಕ್ಕ ಅದೇ. 2025ರಲ್ಲಿ ಚೆನ್ನೈ ಮೊದಲ ಸಲ ಅಂಕಪಟ್ಟಿಯ ಕೊನೆಗೆ ಇಳಿದಾಗ, 17 ವರ್ಷ ಕಪ್ ಕಾಣದೆ ಹಂಗಿಸಿಕೊಂಡಿದ್ದ ಬೆಂಗಳೂರು ಅಭಿಮಾನಿಗೆ ಹಾಲು ಕುಡಿದಂತಾಗಲು ಕಾರಣ ಬೇಕಿರಲಿಲ್ಲ.

ಇದೇ ಜೋಡಿಯನ್ನು ಜಪಾನಿನ ಸಂಶೋಧಕರು ಮಿದುಳಿನಲ್ಲೂ ಹುಡುಕಿದರು. ಹಿದೆಹಿಕೊ ತಕಹಾಶಿ ಮತ್ತು ಸಂಗಡಿಗರ ಈ ಅಧ್ಯಯನ 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 19 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಕೆಲವು ಪಾತ್ರಗಳ ಕಥೆ ಓದಿಸಿದರು. ಒಂದು ಪಾತ್ರ ಓದುವವನ ಕ್ಷೇತ್ರದಲ್ಲೇ ಅವನಿಗಿಂತ ಮುಂದಿರುವುದು, ಇನ್ನೊಂದು ಬೇರೆ ಕ್ಷೇತ್ರದಲ್ಲಿ ಮುಂದಿರುವುದು, ಮತ್ತೊಂದು ಸಾಧಾರಣ. ತನ್ನ ಕ್ಷೇತ್ರದಲ್ಲೇ ಮುಂದಿರುವವನ ಕಥೆ ಓದುವಾಗ, ನೋವಿನ ಅನುಭವದಲ್ಲೂ ಚುರುಕಾಗುವ ಮಿದುಳಿನ ಒಂದು ಭಾಗ ಹೆಚ್ಚು ಚುರುಕಾಯಿತು. ಅದೇ ವ್ಯಕ್ತಿಗೆ ಕೇಡಾಯಿತು ಎಂದು ಓದಿದಾಗ, ಬಹುಮಾನ ಸಿಕ್ಕಾಗ ಚುರುಕಾಗುವ ಇನ್ನೊಂದು ಭಾಗ ಎಚ್ಚರಗೊಂಡಿತು. ಮೊದಲಿನ ಅಸೂಯೆಯ ಪ್ರತಿಕ್ರಿಯೆ ಯಾರಲ್ಲಿ ಬಲವಾಗಿತ್ತೋ ಅವರಲ್ಲಿ ಎರಡನೆಯದೂ ಬಲವಾಗಿತ್ತು. 19 ಜನರ ಅಧ್ಯಯನ ಚಿಕ್ಕದು. ಮಿದುಳಿನ ಒಂದು ಭಾಗ ಚುರುಕಾಯಿತು ಎಂದಮಾತ್ರಕ್ಕೆ ಭಾವನೆಯನ್ನೇ ಫೋಟೊ ತೆಗೆದಂತೆಯೂ ಅಲ್ಲ. ಆದರೆ ಅದು ತೋರಿಸಿದ ಕ್ರಮ ನಮ್ಮ ಅಜ್ಜಿಯರಿಗೆ ಹೊಸದಲ್ಲ: ಕಿಚ್ಚು ಎಷ್ಟೋ ಹಾಲಿನ ರುಚಿ ಅಷ್ಟು.

ಇಲ್ಲಿ ಒಂದು ಸೂಕ್ಷ್ಮ ಇದೆ. ಇನ್ನೊಬ್ಬರ ಏಳಿಗೆ ಕಂಡು ಆಗುವುದೆಲ್ಲ ಕಿಚ್ಚಲ್ಲ. ಉರ್ದು ಇದನ್ನು ಎರಡು ಪದಗಳಲ್ಲಿ ಬೇರೆ ಮಾಡಿದೆ. ‘ಅವನಿಗೆ 95 ಬಂದಿದೆ, ನನಗೂ ಬರಲಿ’ ಎನ್ನುವುದು ‘ರಶ್ಕ್’. ‘ಅವನಿಗೆ 95 ಬಂದಿದೆ, ಅದು ಅವನ ಕೈ ತಪ್ಪಲಿ’ ಎನ್ನುವುದು ‘ಹಸದ್’. ಮನೋವಿಜ್ಞಾನಿಗಳೂ ಇಂಥದೇ ಎರಡು ಬಗೆಯನ್ನು ಗುರುತಿಸುತ್ತಾರೆ. ಇನ್ನೊಬ್ಬರ ಬೀಳುವಿಕೆಯಲ್ಲಿ ಸಂತೋಷ ತರುವುದು ಎರಡನೆಯ ಬಗೆ, ಮೊದಲನೆಯದಲ್ಲ. ಏಕೆ ಎಂದು ಊಹಿಸುವುದು ಕಷ್ಟವಲ್ಲ. ರಶ್ಕ್ ಇರುವವನ ಕಣ್ಣು 95ರ ಮೇಲೆ ಇರುತ್ತದೆ. ಹಸದ್ ಇರುವವನ ಕಣ್ಣು ಆ ಹುಡುಗನ ಮೇಲೆ ಇರುತ್ತದೆ. ಹುಡುಗ ಬಿದ್ದರೆ ಮೊದಲನೆಯವನಿಗೆ ಏನೂ ಸಿಗುವುದಿಲ್ಲ, ಎರಡನೆಯವನಿಗೆ ಬೇಕಾದದ್ದೇ ಸಿಗುತ್ತದೆ.

ಎಲ್ಲಿ ನಿಲ್ಲುತ್ತದೆ?

ಶಾಡನ್‌ಫ್ರಾಯ್ಡಕ್ಕೆ ಒಂದು ಮಿತಿ ಇದೆ. ಕೇಡು ಸಣ್ಣದಾಗಿದ್ದು, ಬಿದ್ದವನು ಮತ್ತೆ ಎದ್ದು ಬರುತ್ತಾನೆ ಎಂಬ ನಂಬಿಕೆ ಇರುವವರೆಗೆ ಮಾತ್ರ ಅದು ಸರಾಗ. 49ಕ್ಕೆ ಔಟಾದವರು ಮರುದಿನ ಅಭ್ಯಾಸಕ್ಕೆ ಹೋಗುತ್ತಾರೆ. ಬ್ಯಾಟರ್ ಗಾಯಗೊಂಡು ಸ್ಟ್ರೆಚರ್ ಮೇಲೆ ಹೊರಟರೆ ಎದುರಾಳಿ ತಂಡದ ಅಭಿಮಾನಿಯೂ ಸುಮ್ಮನಾಗುತ್ತಾನೆ.

2025ರ ಜೂನ್ 3ರಂದು ಬೆಂಗಳೂರು ತಂಡ ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ, 18ನೆಯ ಟೂರ್ನಿಯಲ್ಲಿ ಮೊದಲ ಕಪ್ ಗೆದ್ದಿತು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಸಂಭ್ರಮ ನೋಡಲು ಹೋದವರು ಮನೆಗೆ ಮರಳಲಿಲ್ಲ. ಕಪ್ ಗೆದ್ದ ತಂಡದ ಸಂಭ್ರಮ ಕೆಟ್ಟಿತು ಎಂದು ಅಲ್ಲಿ ಹಿಗ್ಗಲು ಏನೂ ಇರಲಿಲ್ಲ. ಅಂಥ ಹೊತ್ತಿನಲ್ಲೂ ಒಬ್ಬನಿಗೆ ಹಿಗ್ಗು ಬಂದರೆ ಅದನ್ನು ಕ್ರಿಕೆಟ್ ಅಭಿಮಾನ ಎನ್ನಲಾಗದು, ಶಾಡನ್‌ಫ್ರಾಯ್ಡ ಎಂಬ ಹೆಸರೂ ಅದಕ್ಕೆ ಹಗುರ. ಕೇಡು ದೊಡ್ಡದಾದರೂ ಸಂತೋಷ ಕರಗದಿದ್ದರೆ ಅದು ದ್ವೇಷ. ನಮ್ಮೊಳಗಿನದು ಯಾವುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ.

ಎರಡನೆಯ ನಷ್ಟ

ಇಲ್ಲಿಯವರೆಗೆ ನಗುವವನ ಕಡೆಯಿಂದ ನೋಡಿದೆವು. ಬಿದ್ದವನ ಕಡೆಯಿಂದ ನೋಡಿದವನು ಪರ್ಷಿಯನ್ ಕವಿ ಸಾದಿ. 1258ರಲ್ಲಿ ಅವನು ಬರೆದ ‘ಗುಲಿಸ್ತಾನ್’ ಗ್ರಂಥ ಪರ್ಷಿಯನ್ ಕಲಿಸುತ್ತಿದ್ದ ನಾಡುಗಳಲ್ಲೆಲ್ಲ ತಲೆಮಾರುಗಳ ಕಾಲ ಪಠ್ಯವಾಗಿತ್ತು. ಮೌನದ ಪ್ರಯೋಜನಗಳನ್ನು ಹೇಳುವ ಅದರ ಅಧ್ಯಾಯದಲ್ಲಿ ಒಂದು ಪುಟ್ಟ ಕಥೆ ಇದೆ. ಒಬ್ಬ ವ್ಯಾಪಾರಿಗೆ 1000 ದಿನಾರ್ ನಷ್ಟವಾಗುತ್ತದೆ. ಇದನ್ನು ಯಾರಿಗೂ ಹೇಳಬೇಡ ಎಂದು ಅವನು ಮಗನಿಗೆ ತಾಕೀತು ಮಾಡುತ್ತಾನೆ. ಹೇಳುವುದಿಲ್ಲ, ಆದರೆ ಕಾರಣ ತಿಳಿಸು ಎಂದು ಮಗ ಕೇಳುತ್ತಾನೆ. ಹೇಳಿದರೆ ಒಂದು ಕಷ್ಟ ಎರಡಾಗುತ್ತದೆ ಎಂಬುದು ತಂದೆಯ ಉತ್ತರ. ಬಂಡವಾಳ ಹೋದದ್ದು ಒಂದು ಕಷ್ಟ, ನೆರೆಯವರ ಶಮಾತತ್ ಇನ್ನೊಂದು.

ಈ ಕಥೆಯನ್ನು ಸಾಮಾನ್ಯವಾಗಿ ಬುದ್ಧಿವಂತಿಕೆಯ ಪಾಠ ಎಂದು ಓದುತ್ತಾರೆ. ಆದರೆ ಆ ಮೌನದ ಖರ್ಚನ್ನೂ ಲೆಕ್ಕ ಹಾಕಬೇಕು. ನಷ್ಟ ಮುಚ್ಚಿಟ್ಟ ವ್ಯಾಪಾರಿಗೆ ಸಾಲ ಕೊಡಬಹುದಾಗಿದ್ದ ಗೆಳೆಯನಿಗೆ ಸುದ್ದಿಯೇ ತಲುಪುವುದಿಲ್ಲ. ಹತ್ತಿ ಬೆಳೆ ಕೈಕೊಟ್ಟ ರೈತ, ಊರು ನಗುತ್ತದೆ ಎಂದು ಸಾಲದ ಮೊತ್ತವನ್ನು ಅಣ್ಣತಮ್ಮಂದಿರಿಗೂ ಹೇಳದಿದ್ದರೆ ಬಡ್ಡಿ ಅವನೊಬ್ಬನ ತಲೆಯ ಮೇಲೆಯೇ ಬೆಳೆಯುತ್ತದೆ. ಅಕ್ಕಪಕ್ಕದಲ್ಲಿ ಹಾಲು ಕುಡಿಯುವವರು ಇದ್ದಾರೆ ಎಂಬ ಅನುಮಾನವೊಂದೇ ಸಾಕು, ಕೈ ಹಿಡಿಯುವವರೂ ದೂರ ಉಳಿಯುತ್ತಾರೆ. ಶಾಡನ್‌ಫ್ರಾಯ್ಡದ ನಿಜವಾದ ಬೆಲೆ ಇದು. ನಕ್ಕವನು ಏನೂ ಮಾಡಿಲ್ಲ, ಕೈ ಕಟ್ಟಿಕೊಂಡು ನಿಂತಿದ್ದ. ಆದರೆ ಅವನ ನಗುವಿನ ಭಯಕ್ಕೆ ಬಿದ್ದವನು ಸಹಾಯ ಕೇಳುವುದನ್ನೇ ಬಿಟ್ಟ.

ನಮ್ಮ ಕಾಲೇಜಿಗೆ ಇದು ಅನ್ವಯಿಸುವ ದಿನ ದ್ವಿತೀಯ ಪಿಯುಸಿ ಫಲಿತಾಂಶದ ದಿನ. ಪರೀಕ್ಷೆ-1, ಪರೀಕ್ಷೆ-2 ಎಂದು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಒಂದು ವಿಷಯದಲ್ಲಿ ಹಿಂದೆ ಬಿದ್ದವರು ವರ್ಷ ಕಳೆದುಕೊಳ್ಳಬೇಕಾಗಿಲ್ಲ. ಆದರೆ ಮುಂದಿನ ಪರೀಕ್ಷೆಗೆ ಅರ್ಜಿ ಹಾಕಲು ಸಿಗುವ ದಿನಗಳು ಕಡಿಮೆ, ಓದಲು ಸಿಗುವ ವಾರಗಳೂ ಕಡಿಮೆ. ಆ ದಿನಗಳಲ್ಲಿ ಫೋನ್ ಬಂದ್ ಮಾಡಿ ಮನೆಯಲ್ಲಿ ಕುಳಿತ ಹುಡುಗನನ್ನು ನೆನೆಯಿರಿ. ಅವನು ಕಾಲೇಜಿಗೆ ಬಾರದೆ ಇರುವುದು ಲೆಕ್ಕಶಾಸ್ತ್ರದ ಭಯಕ್ಕಲ್ಲ. ಗೇಟಿನ ಹತ್ತಿರ ಯಾರೋ ‘ಏನಲೇ, ಭಾಳ ಓದ್ತಿದ್ದೆಲ್ಲ?’ ಎನ್ನುತ್ತಾರೆ ಎಂಬ ಭಯಕ್ಕೆ. ತರಗತಿಯಲ್ಲಿ ಮೊದಲ ಸಾಲಿನಲ್ಲಿ ಕುಳಿತು ಉತ್ತರ ಹೇಳುತ್ತಿದ್ದವಳಿಗೆ ಅಂಕ ಕಡಿಮೆ ಬಂದರೆ ಈ ಭಯ ಇನ್ನೂ ಹೆಚ್ಚು, ಏಕೆಂದರೆ ಎತ್ತರದಿಂದ ಬಿದ್ದವರ ಸದ್ದು ಹೆಚ್ಚು ಎಂದು ಅವಳಿಗೂ ಗೊತ್ತು.

ಆ ದಿನ ಸುದ್ದಿ ಕೇಳಿದ ತಕ್ಷಣ ಒಳಗೆ ಒಂದು ತಂಪು ಹಾದುಹೋದರೆ ಅದನ್ನು ತಡೆಯುವುದು ನಮ್ಮ ಕೈಯಲ್ಲಿ ಇಲ್ಲದಿರಬಹುದು. ಭಾವನೆ ಕೇಳಿ ಬರುವುದಿಲ್ಲ. ಆದರೆ ಆ ತಂಪು ಒಂದು ಸುದ್ದಿಯನ್ನೂ ತರುತ್ತದೆ: ಇಲ್ಲಿ ಮೊದಲೇ ಒಂದು ಕಿಚ್ಚು ಇತ್ತು, ಇಂಥ ವಿಷಯದಲ್ಲಿ, ಇಂಥವರ ಮೇಲೆ. ನಗು ತುಟಿಗೆ ಬರುವ ಮುಂಚೆ ಆ ಸುದ್ದಿಯನ್ನು ಓದಿಕೊಂಡರೆ ಸಾಕು. ನಗು ಬಾಯಿಂದ ಹೊರಬಿದ್ದ ಮೇಲೆ, ಸ್ಟೇಟಸ್‌ನಲ್ಲಿ ಹಾಕಿದ ಮೇಲೆ ಅದು ಇನ್ನೊಬ್ಬರ ಎರಡನೆಯ ನಷ್ಟವಾಗುತ್ತದೆ. ಮೊದಲನೆಯ ನಷ್ಟವನ್ನು ಪರೀಕ್ಷೆ-2 ತುಂಬಿಕೊಡಬಹುದು. ಎರಡನೆಯದಕ್ಕೆ ಮರುಪರೀಕ್ಷೆ ಇಲ್ಲ.

ಯೋಚಿಸಿ ಉತ್ತರಿಸಿ

1. ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿ ಸೋತಾಗ ಎದುರಾಳಿ ಪಕ್ಷದ ಕಾರ್ಯಕರ್ತ ಪಟಾಕಿ ಹೊಡೆಯುತ್ತಾನೆ. ಬೇರೆ ರಾಜ್ಯದಲ್ಲಿರುವ, ಮತವೇ ಇಲ್ಲದ ಒಬ್ಬನೂ ಹಿಗ್ಗುತ್ತಾನೆ. ಇವರಿಬ್ಬರಲ್ಲಿ ಯಾರದ್ದು ಶಾಡನ್‌ಫ್ರಾಯ್ಡ? ಮೂರು ಪ್ರಶ್ನೆಗಳ ಸಹಾಯದಿಂದ ವಿವರಿಸಿ.

2. ‘ತನ್ನ ಮೂಗು ಕೊಯ್ದುಕೊಂಡು ಎದುರಿನವರಿಗೆ ಅಪಶಕುನ ಮಾಡಿದ’ ಎಂಬ ಮಾತು ಶಾಡನ್‌ಫ್ರಾಯ್ಡಕ್ಕಿಂತ ಹೇಗೆ ಬೇರೆ? ಇಲ್ಲಿ ಕೇಡು ಮಾಡುವವರು ಯಾರು, ಅದರ ಖರ್ಚು ಯಾರದ್ದು?

3. ‘ಬಿದ್ದವರಿಗೆ ಆಳಿಗೊಂದು ಕಲ್ಲು’ ಎಂಬ ಗಾದೆಯಲ್ಲಿ ಮೊದಲ ನಷ್ಟ ಯಾವುದು, ಎರಡನೆಯ ನಷ್ಟ ಯಾವುದು?

4. ನಿಮ್ಮ ಮನೆಯ ಹಿರಿಯರನ್ನು ಕೇಳಿ: ಇನ್ನೊಬ್ಬರ ಕೇಡಿಗೆ ಹಿಗ್ಗುವುದನ್ನು ಹೇಳಲು ಕನ್ನಡ, ಉರ್ದು, ತೆಲುಗು ಭಾಷೆಗಳಲ್ಲಿ ಅವರು ಬಳಸುವ ಮಾತುಗಳು ಯಾವುವು? ಅವುಗಳಲ್ಲಿ ಬೆಂಕಿ ಮತ್ತು ತಂಪಿನ ಚಿತ್ರ ಎಷ್ಟರಲ್ಲಿದೆ?